ಬಿಸಿಯಾದ ಬೈಮೆಟಲ್ ಪಟ್ಟಿ ಎಷ್ಟು ಬಾಗುತ್ತದೆ, ಒಳಗೆ ಎಷ್ಟು ಸ್ಟ್ರೆಸ್ ಇರುತ್ತದೆ: ಕೈಯಲ್ಲೇ ಲೆಕ್ಕ ಹಾಕುವ ಬಗೆ

ಹಿತ್ತಾಳೆ ಮತ್ತು ಇನ್ವಾರ್ ಅಂಟಿಸಿದ ಒಂದು ಪಟ್ಟಿ ಇದೆ ಅಂದುಕೊಳ್ಳಿ. ಒಂದು ತುದಿ ಮಾತ್ರ ಹಿಡಿದಿದ್ದೀರಿ, ಇನ್ನೊಂದು ತುದಿ ಗಾಳಿಯಲ್ಲಿದೆ. ಬಿಸಿ ಮಾಡಿದರೆ ಪಟ್ಟಿ ತನ್ನಷ್ಟಕ್ಕೆ ಬಾಗುತ್ತದೆ. ಯಾರೂ ತಳ್ಳುತ್ತಿಲ್ಲ, ಯಾರೂ ಎಳೆಯುತ್ತಿಲ್ಲ. ಹಾಗಾದರೆ ಪಟ್ಟಿಯ ಒಳಗೆ ಸ್ಟ್ರೆಸ್ ಇದೆಯೋ ಇಲ್ಲವೋ?

"ಬಾಗಲು ಬಿಟ್ಟಿದ್ದೀವಲ್ಲ, ಸ್ಟ್ರೆಸ್ ಎಲ್ಲ ಬಿಡುಗಡೆ ಆಗಿರುತ್ತದೆ" ಎಂಬುದು ಸಾಮಾನ್ಯವಾಗಿ ಸಿಗುವ ಉತ್ತರ. ಅದು ತಪ್ಪು. ಸ್ಟ್ರೆಸ್ ಕಡಿಮೆ ಆಗುತ್ತದೆ, ಹೋಗುವುದಿಲ್ಲ. ಇನ್ನೊಂದು ಉತ್ತರ, "ಹಿತ್ತಾಳೆ ಪೂರ್ತಿ ಅದುಮಿಕೊಂಡಿರುತ್ತದೆ, ಇನ್ವಾರ್ ಪೂರ್ತಿ ಎಳೆದುಕೊಂಡಿರುತ್ತದೆ" ಎಂಬುದು. ಇದೂ ಅರ್ಧ ಮಾತ್ರ ನಿಜ. ಹಿತ್ತಾಳೆಯ ಹೊರಮೈಯಲ್ಲಿ ಅದುಮಿಕೆ ಅಲ್ಲ, ಎಳೆತ ಇರುತ್ತದೆ. ಇದು ಹೇಗೆ ಅಂತ ಒಂದು ಪಟ್ಟಿಯನ್ನು ಇಟ್ಟುಕೊಂಡು ಮೊದಲಿಂದ ಕೊನೆಯವರೆಗೆ ಲೆಕ್ಕ ಹಾಕೋಣ. ಪಿಯುಸಿ ಮಟ್ಟದ ಗಣಿತ ಸಾಕು.

ನಮ್ಮ ಪಟ್ಟಿ

ಹಿತ್ತಾಳೆ 0.5 ಮಿ.ಮೀ. ದಪ್ಪ, ಇನ್ವಾರ್ 0.5 ಮಿ.ಮೀ. ದಪ್ಪ, ಒಟ್ಟು 1 ಮಿ.ಮೀ. ಅಗಲ 10 ಮಿ.ಮೀ. ಹಿಡಿಕೆಯಿಂದ ಆಚೆಗೆ ಉದ್ದ 100 ಮಿ.ಮೀ. 25 ಡಿಗ್ರಿಯಲ್ಲಿ ಪಟ್ಟಿ ನೇರವಾಗಿದೆ, ಒಳಗೆ ಸ್ಟ್ರೆಸ್ ಇಲ್ಲ ಎಂದು ಇಟ್ಟುಕೊಳ್ಳೋಣ. ಅದನ್ನು 85 ಡಿಗ್ರಿಗೆ ಕಾಯಿಸುತ್ತೇವೆ. ಅಂದರೆ ಏರಿಕೆ 60 ಡಿಗ್ರಿ.

ಒಂದು ಡಿಗ್ರಿಗೆ ಹಿತ್ತಾಳೆ ತನ್ನ ಉದ್ದದ ಹತ್ತು ಲಕ್ಷದಲ್ಲಿ ಸುಮಾರು 19 ಭಾಗ ಹಿಗ್ಗುತ್ತದೆ. ಇನ್ವಾರ್ ಸುಮಾರು 1 ಭಾಗ ಮಾತ್ರ. ಇನ್ವಾರ್ ಅಂದರೆ ಕಬ್ಬಿಣಕ್ಕೆ ಸುಮಾರು 36% ನಿಕ್ಕಲ್ ಸೇರಿಸಿದ ಮಿಶ್ರಲೋಹ. 1896ರಲ್ಲಿ ಇದನ್ನು ಕಂಡುಕೊಂಡ ಶಾರ್ಲ್ ಎಡ್ವಾರ್ ಗಿಯೋಮ್ ಅವರಿಗೆ 1920ರಲ್ಲಿ ಭೌತಶಾಸ್ತ್ರದ ನೊಬೆಲ್ ಸಿಕ್ಕಿತು. ಗಡಸುತನದ ಲೆಕ್ಕಕ್ಕೆ ಯಂಗ್ ಮಾಡ್ಯುಲಸ್ ಬೇಕು. ಹಿತ್ತಾಳೆಗೆ 1,00,000 ಮೆಗಾಪಾಸ್ಕಲ್, ಇನ್ವಾರ್‌ಗೆ 1,40,000 ಮೆಗಾಪಾಸ್ಕಲ್ ಹಿಡಿಯೋಣ. ಒಂದು ಮೆಗಾಪಾಸ್ಕಲ್ ಅಂದರೆ ಒಂದು ಚದರ ಮಿಲಿಮೀಟರಿಗೆ ಒಂದು ನ್ಯೂಟನ್. ಆದ್ದರಿಂದ ಎಲ್ಲವನ್ನೂ ನ್ಯೂಟನ್ ಮತ್ತು ಮಿಲಿಮೀಟರ್‌ನಲ್ಲೇ ಇಟ್ಟುಕೊಂಡರೆ ಘಟಕಗಳ ಗೊಂದಲ ಬರುವುದಿಲ್ಲ.

ಹೆಜ್ಜೆ 1: ಎರಡೂ ಲೋಹ ಬೇರೆ ಬೇರೆ ಇದ್ದಿದ್ದರೆ ಎಷ್ಟು ವ್ಯತ್ಯಾಸ?

ಮೊದಲು ಅಂಟನ್ನು ಮರೆತುಬಿಡಿ. ಎರಡನ್ನೂ ಬೇರೆ ಬೇರೆ ಕಾಯಿಸಿದರೆ ಹಿಗ್ಗುವಿಕೆಯ ವ್ಯತ್ಯಾಸ ಇಷ್ಟು:

```
e = (19e-6 - 1e-6) * 60 = 0.00108
```

100 ಮಿ.ಮೀ. ಪಟ್ಟಿಗೆ ಇದು 0.108 ಮಿ.ಮೀ. ಕಣ್ಣಿಗೆ ಕಾಣದಷ್ಟು ಚಿಕ್ಕದು. ಮುಂದಿನ ಎಲ್ಲ ಲೆಕ್ಕವೂ ಈ ಒಂದು ಸಂಖ್ಯೆಯಿಂದ ಹುಟ್ಟುತ್ತದೆ. ಎರಡು ಲೋಹಗಳ ಹಿಗ್ಗುವಿಕೆ ಎಷ್ಟು ಅನ್ನುವುದಕ್ಕಿಂತ ಅವುಗಳ ನಡುವಿನ ವ್ಯತ್ಯಾಸ ಎಷ್ಟು ಅನ್ನುವುದೇ ಇಲ್ಲಿ ಮುಖ್ಯ.

ಹೆಜ್ಜೆ 2: ಅಂಟು ಏನು ಮಾಡುತ್ತದೆ?

ಈಗ ಎರಡನ್ನೂ ಅಂಟಿಸಿ. ಹಿತ್ತಾಳೆ ಉದ್ದ ಆಗಲು ನೋಡುತ್ತದೆ, ಇನ್ವಾರ್ ಬಿಡುವುದಿಲ್ಲ. ಹಾಗಾಗಿ ಹಿತ್ತಾಳೆಯನ್ನು `P` ಎಂಬ ಬಲ ಅದುಮುತ್ತದೆ, ಅಷ್ಟೇ ಬಲ ಇನ್ವಾರನ್ನು ಎಳೆಯುತ್ತದೆ. ಹೊರಗಿನಿಂದ ಯಾವ ಬಲವೂ ಇಲ್ಲದ್ದರಿಂದ ಇವೆರಡೂ ಸಮ ಇರಲೇಬೇಕು. ಲೆಕ್ಕವನ್ನು ಒಂದು ಮಿಲಿಮೀಟರ್ ಅಗಲಕ್ಕೆ ಮಾಡೋಣ. ಆಗ `P` ಅಂದರೆ ಪ್ರತಿ ಮಿಲಿಮೀಟರ್ ಅಗಲಕ್ಕೆ ಇಷ್ಟು ನ್ಯೂಟನ್ ಎಂದು ಅರ್ಥ.

ಆದರೆ ಈ ಎರಡು ಬಲಗಳು ಒಂದೇ ಗೆರೆಯಲ್ಲಿಲ್ಲ. ಒಂದು ಹಿತ್ತಾಳೆಯ ದಪ್ಪದ ನಡುವೆ, ಇನ್ನೊಂದು ಇನ್ವಾರ್‌ನ ದಪ್ಪದ ನಡುವೆ. ನಡುವಿನ ದೂರ ಒಟ್ಟು ದಪ್ಪದ ಅರ್ಧ, `h/2`. ಎದುರುಬದುರಾದ ಎರಡು ಬಲಗಳು ದೂರದಲ್ಲಿದ್ದರೆ ಬಾಗಿಸುವ ಮೊಮೆಂಟ್ ಹುಟ್ಟುತ್ತದೆ, ಅಲ್ವಾ? ಅದನ್ನು ಸರಿದೂಗಿಸಲು ಎರಡೂ ಪದರಗಳು ಬಾಗಬೇಕು. ಪಟ್ಟಿ ಬಾಗುವುದರ ಕಾರಣ ಇಷ್ಟೇ. ವಕ್ರತೆಯನ್ನು `k` ಎನ್ನೋಣ, ಅದು ಬಾಗಿದ ವೃತ್ತದ ತ್ರಿಜ್ಯದ ತಲೆಕೆಳಗು. ಆಗ:

```
P * h/2 = D * k
D = (E1*t1^3 + E2*t2^3) / 12
```

ಇಲ್ಲಿ `E` ಅಂದರೆ ಯಂಗ್ ಮಾಡ್ಯುಲಸ್, `t` ಅಂದರೆ ಪದರದ ದಪ್ಪ, 1 ಅಂದರೆ ಹಿತ್ತಾಳೆ, 2 ಅಂದರೆ ಇನ್ವಾರ್. `D` ಅಂದರೆ ಎರಡು ಪದರಗಳು ಒಂಟಿಯಾಗಿ ಬಾಗುವಾಗ ತೋರುವ ಪ್ರತಿರೋಧದ ಮೊತ್ತ. ನಮ್ಮ ಪಟ್ಟಿಗೆ ಅದು 2500.

ಇದು ಮೊದಲ ಸಮೀಕರಣ. ಅಪರಿಚಿತಗಳು ಎರಡು, `P` ಮತ್ತು `k`. ಇನ್ನೊಂದು ಸಮೀಕರಣ ಬೇಕು. ಅದು ಅಂಟಿನ ಮೈಯಲ್ಲೇ ಸಿಗುತ್ತದೆ. ಅಲ್ಲಿ ಹಿತ್ತಾಳೆಯ ಉದ್ದವೂ ಇನ್ವಾರ್‌ನ ಉದ್ದವೂ ಒಂದೇ ಆಗಿರಬೇಕು. ಅಂದರೆ ಆ 0.00108 ವ್ಯತ್ಯಾಸ ಪೂರ್ತಿ ಎಲ್ಲೋ ಖರ್ಚಾಗಬೇಕು. ಒಂದಿಷ್ಟು ನೇರ ಅದುಮಿಕೆ ಮತ್ತು ಎಳೆತದಲ್ಲಿ ಖರ್ಚಾಗುತ್ತದೆ, ಉಳಿದದ್ದು ಬಾಗುವುದರಲ್ಲಿ:

```
e = P * (1/(E1*t1) + 1/(E2*t2)) + k * h/2
```

ಹೆಜ್ಜೆ 3: ವಕ್ರತೆ

ಮೊದಲ ಸಮೀಕರಣದಿಂದ `P = 2*D*k/h`. ಅದನ್ನು ಎರಡನೆಯದರಲ್ಲಿ ಹಾಕಿ:

```
0.00108 = 0.1714*k + 0.5*k
k = 0.00108 / 0.6714 = 0.001609
R = 1/k = 622
```

ತ್ರಿಜ್ಯ 622 ಮಿ.ಮೀ. ತುದಿ ಎಷ್ಟು ಸರಿಯಿತು ಎಂದು ತಿಳಿಯಲು `k*L^2/2` ಸಾಕು. 100 ಮಿ.ಮೀ. ಉದ್ದಕ್ಕೆ ಅದು 8.04 ಮಿ.ಮೀ. ವೃತ್ತದ ನಿಖರ ಲೆಕ್ಕ ಹಾಕಿದರೂ 8.03 ಬರುತ್ತದೆ. 0.108 ಮಿ.ಮೀ. ವ್ಯತ್ಯಾಸ ತುದಿಯಲ್ಲಿ 8 ಮಿ.ಮೀ. ಆಗಿ ಕಾಣುತ್ತದೆ. ಇಸ್ತ್ರಿ ಪೆಟ್ಟಿಗೆಯ ಥರ್ಮೋಸ್ಟಾಟ್ ಕೆಲಸ ಮಾಡುವುದು ಇದೇ ದೊಡ್ಡದಾಗುವಿಕೆಯಿಂದ.

`0.1714` ಮತ್ತು `0.5` ಇವೆರಡನ್ನು ಇನ್ನೊಮ್ಮೆ ನೋಡಿ. ವ್ಯತ್ಯಾಸದ ಸುಮಾರು ಮುಕ್ಕಾಲು ಭಾಗ ಬಾಗುವುದರಲ್ಲಿ ತೀರಿಹೋಗುತ್ತದೆ. ಕಾಲು ಭಾಗ ಮಾತ್ರ ನೇರ ಎಳೆತ ಮತ್ತು ಅದುಮಿಕೆಯಾಗಿ ಉಳಿಯುತ್ತದೆ.

ಸ್ಟೀಫನ್ ತಿಮೊಶೆಂಕೊ 1925ರಲ್ಲಿ ಬೈಮೆಟಲ್ ಥರ್ಮೋಸ್ಟಾಟ್‌ಗಳ ಮೇಲೆ ಬರೆದ ಲೇಖನದಲ್ಲಿ ಇದೇ ಲೆಕ್ಕವನ್ನು ಒಂದು ಉದ್ದ ಸೂತ್ರವಾಗಿ ಕೊಟ್ಟರು. ಪಠ್ಯಪುಸ್ತಕಗಳಲ್ಲಿ ಅದೇ ಸಿಗುತ್ತದೆ. ನನ್ನ ಅಭಿಪ್ರಾಯದಲ್ಲಿ ಅದನ್ನು ಬಾಯಿಪಾಠ ಮಾಡುವ ಅಗತ್ಯ ಇಲ್ಲ. ಮೇಲಿನ ಎರಡು ಸಮೀಕರಣ ನೆನಪಿದ್ದರೆ ಸೂತ್ರ ತಾನಾಗಿ ಬರುತ್ತದೆ, ಜೊತೆಗೆ ಸ್ಟ್ರೆಸ್ ಕೂಡ ಕೈಗೆ ಸಿಗುತ್ತದೆ. ಬರೀ ವಕ್ರತೆಯ ಸೂತ್ರ ನೆನಪಿಟ್ಟವರು ಸ್ಟ್ರೆಸ್ ಕೇಳಿದಾಗ ನಿಂತುಬಿಡುತ್ತಾರೆ.

ಎರಡು ಪದರದ ದಪ್ಪ ಸಮ ಇದ್ದು, ಗಡಸುತನವೂ ಸಮ ಎಂದು ಇಟ್ಟುಕೊಂಡರೆ ಸೂತ್ರ ಇಷ್ಟು ಸಣ್ಣದಾಗುತ್ತದೆ:

```
k = 1.5 * e / h
```

ನಮ್ಮ ಪಟ್ಟಿಗೆ ಇದು 0.00162 ಕೊಡುತ್ತದೆ. ನಿಜವಾದ ಉತ್ತರಕ್ಕೂ ಇದಕ್ಕೂ ಒಂದು ಶೇಕಡದಷ್ಟೂ ವ್ಯತ್ಯಾಸ ಇಲ್ಲ, ಇನ್ವಾರ್ 40% ಹೆಚ್ಚು ಗಡಸಾಗಿದ್ದರೂ! ಹಿತ್ತಾಳೆಯನ್ನು ಸ್ವಲ್ಪ ದಪ್ಪ ಮಾಡಿ, ಇನ್ವಾರನ್ನು ಸ್ವಲ್ಪ ತೆಳು ಮಾಡಿ, ಒಟ್ಟು ದಪ್ಪ ಹಾಗೇ ಇಟ್ಟು ಎಷ್ಟೇ ಸರಿಹೊಂದಿಸಿದರೂ ಸಿಗುವ ಗರಿಷ್ಠ ವಕ್ರತೆ ಈ 0.00162 ಮಾತ್ರ. ಆ ಅರ್ಧ-ಮುಕ್ಕಾಲು ಶೇಕಡದ ಲಾಭಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಜಾಸ್ತಿ ಬಾಗಬೇಕು ಅಂದರೆ ಪಟ್ಟಿಯನ್ನು ತೆಳು ಮಾಡಿ, ಅಥವಾ ಉದ್ದ ಮಾಡಿ.

ಹೆಜ್ಜೆ 4: ನಾಲ್ಕು ಮೈಗಳ ಸ್ಟ್ರೆಸ್

`P` ಈಗ ಗೊತ್ತು: `2 * 2500 * 0.001609 / 1`, ಅಂದರೆ ಪ್ರತಿ ಮಿ.ಮೀ. ಅಗಲಕ್ಕೆ 8.04 ನ್ಯೂಟನ್. 0.5 ಮಿ.ಮೀ. ದಪ್ಪಕ್ಕೆ ಹಂಚಿದರೆ 16.1 ಮೆಗಾಪಾಸ್ಕಲ್. ಹಿತ್ತಾಳೆಯಲ್ಲಿ ಸರಾಸರಿ ಅಷ್ಟು ಅದುಮಿಕೆ, ಇನ್ವಾರ್‌ನಲ್ಲಿ ಸರಾಸರಿ ಅಷ್ಟು ಎಳೆತ.

ಇದರ ಮೇಲೆ ಬಾಗುವುದರ ಸ್ಟ್ರೆಸ್ ಸೇರಿಸಬೇಕು. ಪ್ರತಿ ಪದರವೂ ತನ್ನ ನಡುಗೆರೆಯ ಸುತ್ತ ಬಾಗುತ್ತದೆ. ಅದರ ಒಂದು ಮೈ ಎಳೆದುಕೊಳ್ಳುತ್ತದೆ, ಇನ್ನೊಂದು ಅದುಮಿಕೊಳ್ಳುತ್ತದೆ. ಪ್ರಮಾಣ `E*k*t/2`. ಹಿತ್ತಾಳೆಗೆ 40.2, ಇನ್ವಾರ್‌ಗೆ 56.3 ಮೆಗಾಪಾಸ್ಕಲ್.

ಚಿಹ್ನೆ ಹಾಕುವಾಗಲೇ ಹೆಚ್ಚಿನವರು ಎಡವುತ್ತಾರೆ, ಹಾಗಾಗಿ ನಿಧಾನವಾಗಿ ನೋಡೋಣ. ಬಿಸಿಯಾದಾಗ ಹಿತ್ತಾಳೆ ಬಿಲ್ಲಿನ ಹೊರಬದಿಗೆ ಬರುತ್ತದೆ. ಹಿತ್ತಾಳೆ ಪದರದ ಹೊರಮೈ ಬಾಗುವುದರಿಂದ ಎಳೆದುಕೊಳ್ಳುತ್ತದೆ, ಅಂಟಿನ ಕಡೆಯ ಮೈ ಅದುಮಿಕೊಳ್ಳುತ್ತದೆ. ಇನ್ವಾರ್ ಒಳಬದಿಗಿದೆ. ಅದರ ಅಂಟಿನ ಮೈ ಎಳೆದುಕೊಳ್ಳುತ್ತದೆ, ಬಿಲ್ಲಿನ ಒಳಮೈ ಅದುಮಿಕೊಳ್ಳುತ್ತದೆ. ಎಳೆತಕ್ಕೆ ಕೂಡಿಸು, ಅದುಮಿಕೆಗೆ ಕಳೆ ಎಂದು ಹಾಕಿದರೆ:

```
brass, outer face : -16.1 + 40.2 = +24.1
brass, at bond    : -16.1 - 40.2 = -56.3
Invar, at bond    : +16.1 + 56.3 = +72.4
Invar, inner face : +16.1 - 56.3 = -40.2
```

ಹಿತ್ತಾಳೆಯ ಹೊರಮೈಯಲ್ಲಿ 24 ಮೆಗಾಪಾಸ್ಕಲ್ ಎಳೆತ. ಇನ್ವಾರ್‌ನ ಒಳಮೈಯಲ್ಲಿ 40 ಅದುಮಿಕೆ. ಅಂಟಿನ ಎರಡು ಬದಿಗಳಲ್ಲಿ 56 ಅದುಮಿಕೆಯಿಂದ 72 ಎಳೆತಕ್ಕೆ ಒಮ್ಮೆಲೇ ಜಿಗಿತ. ಪಟ್ಟಿಯ ದಪ್ಪದಲ್ಲಿ ಸ್ಟ್ರೆಸ್ ಮೂರು ಸಲ ಚಿಹ್ನೆ ಬದಲಿಸುತ್ತದೆ: ಹಿತ್ತಾಳೆಯ ಒಳಗೆ ಒಮ್ಮೆ, ಅಂಟಿನಲ್ಲಿ ಒಮ್ಮೆ, ಇನ್ವಾರ್‌ನ ಒಳಗೆ ಒಮ್ಮೆ.

ಲೆಕ್ಕ ಸರಿಯೇ ಎಂದು ನೋಡಲು ಅಂಟಿನಲ್ಲಿ ಎರಡೂ ಲೋಹದ ಒಟ್ಟು ಸ್ಟ್ರೇನ್ ಹೋಲಿಸಿ. ಹಿತ್ತಾಳೆ: ಬಿಸಿಯಿಂದಾದ ಹಿಗ್ಗುವಿಕೆ 0.00114ರಿಂದ 56.3/1,00,000 ಕಳೆಯಿರಿ, 0.000577. ಇನ್ವಾರ್: 0.00006ಕ್ಕೆ 72.4/1,40,000 ಕೂಡಿಸಿ, 0.000577. ಎರಡೂ ಒಂದೇ. ಈ ಪರೀಕ್ಷೆ ಯಾವತ್ತೂ ಬಿಡಬೇಡಿ. ಚಿಹ್ನೆ ಒಂದು ತಪ್ಪಿದ್ದರೂ ಇಲ್ಲಿ ಸಿಕ್ಕಿಬೀಳುತ್ತದೆ.

ಬಾಗಲು ಬಿಡದೆ ಪಟ್ಟಿಯನ್ನು ಪೂರ್ತಿ ಚಪ್ಪಟೆಯಾಗಿ ಹಿಡಿದಿದ್ದರೆ ಏನಾಗುತ್ತಿತ್ತು? ಎರಡನೆಯ ಸಮೀಕರಣದಲ್ಲಿ `k` ಸೊನ್ನೆ ಮಾಡಿ. ಹಿತ್ತಾಳೆಯ ತುಂಬ 63 ಅದುಮಿಕೆ, ಇನ್ವಾರ್‌ನ ತುಂಬ 63 ಎಳೆತ. ಬಿಟ್ಟ ಮೇಲೆ ಸರಾಸರಿ 63ರಿಂದ 16ಕ್ಕೆ ಇಳಿಯಿತು. ಆದರೆ ಇನ್ವಾರ್‌ನ ಅಂಟಿನ ಮೈಯಲ್ಲಿ 63 ಇದ್ದದ್ದು 72ಕ್ಕೆ ಏರಿತು. ಬಾಗುವಿಕೆ ಎಲ್ಲ ಕಡೆಯೂ ಸ್ಟ್ರೆಸ್ ಇಳಿಸುತ್ತದೆ ಅನ್ನುವ ಹಾಗಿಲ್ಲ.

ತೆಳು ಮಾಡಿದರೆ ಸ್ಟ್ರೆಸ್ ಬದಲಾಗದು

ಗಡಸುತನ ಸಮ ಇರುವ ಸರಳ ಪಟ್ಟಿಗೆ ಮೇಲಿನ ನಾಲ್ಕು ಉತ್ತರಗಳು ಹೀಗಾಗುತ್ತವೆ: ಅಂಟಿನಲ್ಲಿ `E*e/2`, ಹೊರಮೈಗಳಲ್ಲಿ `E*e/4`. ಇವುಗಳಲ್ಲಿ ದಪ್ಪ ಎಲ್ಲೂ ಇಲ್ಲ. ಉದ್ದವೂ ಇಲ್ಲ. ಪಟ್ಟಿಯ ದಪ್ಪ ಅರ್ಧ ಮಾಡಿದರೆ ವಕ್ರತೆ ಎರಡು ಪಟ್ಟು ಆಗುತ್ತದೆ, ಸ್ಟ್ರೆಸ್ ಇದ್ದಲ್ಲೇ ಇರುತ್ತದೆ. ಬಹಳ ಬಾಗಿದ ತೆಳು ಪಟ್ಟಿ ನೋಡಿ "ಇದು ಇನ್ನೇನು ಮುರಿಯುತ್ತದೆ" ಅನ್ನಿಸಬಹುದು. ಹೊರಗಿನ ತಡೆ ಇಲ್ಲದಿದ್ದರೆ, ಅದೇ ತಾಪದಲ್ಲಿರುವ ದಪ್ಪ ಪಟ್ಟಿಗಿಂತ ಅದಕ್ಕೆ ಹೆಚ್ಚಿನ ಕಷ್ಟ ಏನೂ ಇಲ್ಲ. ಎರಡು ಲೋಹಗಳ ದಪ್ಪದ ಅನುಪಾತ ಒಂದೇ ಇರುವವರೆಗೆ ಇದು ಯಾವ ಜೋಡಿಗೂ ನಿಜ.

ಬೇರೆ ಲೋಹ, ಬೇರೆ ದಪ್ಪ ಹಾಕಿ ನೋಡುವವರಿಗೆ ಪೈಥಾನ್‌ನಲ್ಲಿ ಇಷ್ಟು ಸಾಕು. 1 ಎಂಬುದು ಜಾಸ್ತಿ ಹಿಗ್ಗುವ ಲೋಹ.

```python
def strip(a1, E1, t1, a2, E2, t2, dT):
    h = t1 + t2
    e = (a1 - a2) * dT
    D = (E1*t1**3 + E2*t2**3) / 12
    S = 1/(E1*t1) + 1/(E2*t2)
    k = e / (h/2 + 2*D*S/h)
    P = 2*D*k/h
    return k, [-P/t1 + E1*k*t1/2, -P/t1 - E1*k*t1/2,
                P/t2 + E2*k*t2/2,  P/t2 - E2*k*t2/2]

print(strip(19e-6, 1e5, 0.5, 1e-6, 1.4e5, 0.5, 60))
```

ಹೆಜ್ಜೆ 5: ತುದಿ ಏನಕ್ಕಾದರೂ ತಾಗಿ ನಿಂತರೆ

ಕೆಲಸಕ್ಕೆ ಹಾಕಿದ ಪಟ್ಟಿ ಗಾಳಿಯಲ್ಲಿ ಸುಮ್ನೆ ಬಾಗುತ್ತಾ ಇರುವುದಿಲ್ಲ. ಒಂದು ಪಿನ್ ತಳ್ಳುತ್ತದೆ, ಕಾಂಟ್ಯಾಕ್ಟ್ ಒತ್ತುತ್ತದೆ, ಅಥವಾ ಒಂದು ಸ್ಕ್ರೂಗೆ ತಾಗಿ ನಿಲ್ಲುತ್ತದೆ. ಹಾನಿ ಆಗುವುದು ಸಾಮಾನ್ಯವಾಗಿ ಆಗ.

ಅತಿ ಕೆಟ್ಟ ಸ್ಥಿತಿ ನೋಡೋಣ. 25 ಡಿಗ್ರಿಯಲ್ಲೇ ತುದಿ ತಾಗಿಕೊಂಡಿದೆ, 60 ಡಿಗ್ರಿ ಏರಿದರೂ ಅಲ್ಲಾಡಲು ಜಾಗ ಇಲ್ಲ. ತುದಿಯನ್ನು ಆ 8.04 ಮಿ.ಮೀ. ಹಿಂದಕ್ಕೆ ತಳ್ಳಲು ಬೇಕಾದ ಬಲ `3*EI*d/L^3`. ಇಲ್ಲಿ `EI` ಅಂದರೆ ಅಂಟಿದ ಇಡೀ ಪಟ್ಟಿ ಬಾಗುವಾಗ ತೋರುವ ಪ್ರತಿರೋಧ. ಹಿಂದಿನ `D`ಗೆ ಅಂಟಿನಿಂದ ಸಿಗುವ ಬಲವನ್ನೂ ಕೂಡಿಸಬೇಕು:

```
EI = D + (h^2/4) / S        S = 1/(E1*t1) + 1/(E2*t2)
EI = 2500 + 7292 = 9792
```

10 ಮಿ.ಮೀ. ಅಗಲಕ್ಕೆ 97,920. ಬಲ ಸುಮಾರು 2.4 ನ್ಯೂಟನ್. ಕಾಲು ಕೆ.ಜಿ. ತೂಕದಷ್ಟು, ಕೇಳಲು ದೊಡ್ಡದೇನಲ್ಲ. ಆದರೆ ಹಿಡಿಕೆಯ ಬುಡದಲ್ಲಿ ಅದು ಪಟ್ಟಿಯನ್ನು ತಾನಾಗಿ ಬಾಗಿದ್ದಕ್ಕಿಂತ ಒಂದೂವರೆ ಪಟ್ಟು ವಕ್ರತೆಯಷ್ಟು ಉಲ್ಟಾ ಬಾಗಿಸುತ್ತದೆ. ಆ ಸ್ಟ್ರೆಸ್ ಅನ್ನು ಮೊದಲಿನದಕ್ಕೆ ಕೂಡಿಸಿದರೆ ಬುಡದಲ್ಲಿ ಹಿತ್ತಾಳೆಯ ಹೊರಮೈ ಸುಮಾರು 107 ಅದುಮಿಕೆಗೆ, ಇನ್ವಾರ್‌ನ ಒಳಮೈ ಸುಮಾರು 115 ಎಳೆತಕ್ಕೆ ಹೋಗುತ್ತದೆ. ಬಿಟ್ಟ ಪಟ್ಟಿಯಲ್ಲಿ ಅತಿ ಹೆಚ್ಚು ಇದ್ದದ್ದು 72. ಜಾಗವೂ ಬದಲಾಯಿತು. ಅಂಟಿನಲ್ಲಿದ್ದ ಗರಿಷ್ಠ ಸ್ಟ್ರೆಸ್ ಈಗ ಹೊರಮೈಗಳಿಗೆ ಬಂದಿದೆ.

ಉರುಳೆಯಲ್ಲಿ ತಣ್ಣಗೆ ಒತ್ತಿ ಗಡಸು ಮಾಡಿದ ಹಿತ್ತಾಳೆ ಇದನ್ನು ಸುಲಭವಾಗಿ ತಾಳುತ್ತದೆ. ಆದರೆ ಚೆನ್ನಾಗಿ ಕಾಯಿಸಿ ಮೆತ್ತಗಾದ ಹಿತ್ತಾಳೆ ಸುಮಾರು 100 ಮೆಗಾಪಾಸ್ಕಲ್‌ಗೇ ಕೈಕೊಡುತ್ತದೆ. ತಣ್ಣಗಾದ ಮೇಲೆ ಪಟ್ಟಿ ಮೊದಲಿನ ಜಾಗಕ್ಕೆ ಬರುವುದಿಲ್ಲ. ಥರ್ಮೋಸ್ಟಾಟ್‌ನ ತಾಪ ಜಾರಿತು ಎಂದು ಹೇಳುವುದು ಇದನ್ನೇ. ಹಾಗಾಗಿ ಕಾಂಟ್ಯಾಕ್ಟ್ ತೆರೆದ ಮೇಲೂ ಪಟ್ಟಿ ಮುಂದೆ ಹೋಗಲು ಸ್ವಲ್ಪ ಜಾಗ ಬಿಡಿ.

ಹೆಜ್ಜೆ 6: ಅಳೆದು ನೋಡುವುದು

ಲೆಕ್ಕವನ್ನು ನಂಬುವ ಮೊದಲು ಅಳೆಯಿರಿ. ಪಟ್ಟಿಯ ಬುಡವನ್ನು ಬಿಗಿಯಾಗಿ ಹಿಡಿಸಿ, ನೀರಿನ ಪಾತ್ರೆಯಲ್ಲಿ ಪೂರ್ತಿ ಮುಳುಗಿಸಿ, ನೀರು ಕಲಕುತ್ತಾ ನಿಧಾನವಾಗಿ ಕಾಯಿಸಿ. ಬೆಂಕಿಯ ಮೇಲೆ ನೇರ ಹಿಡಿದರೆ ಪಟ್ಟಿಯ ತಾಪ ಎಲ್ಲ ಕಡೆ ಒಂದೇ ಇರುವುದಿಲ್ಲ, ಅಳತೆಗೆ ಅರ್ಥ ಇರುವುದಿಲ್ಲ.

ತುದಿಯ ಜೊತೆಗೆ ನಡುವಿನ ಅಳತೆಯನ್ನೂ ತೆಗೆದುಕೊಳ್ಳಿ. ಪಟ್ಟಿ ನಿಜವಾದ ವೃತ್ತದ ತುಂಡಾಗಿದ್ದರೆ ನಡುವಿನ ಸರಿತ ತುದಿಯದರ ಕಾಲು ಭಾಗ ಇರಬೇಕು. ತುದಿ 8 ಮಿ.ಮೀ. ಆದರೆ ನಡು 2 ಮಿ.ಮೀ. ಹಾಗಿಲ್ಲದಿದ್ದರೆ ಎಲ್ಲೋ ಅಂಟು ಬಿಟ್ಟಿದೆ, ಅಥವಾ ತಾಪ ಸಮವಾಗಿಲ್ಲ. ನಡು ಸರಿಯಾಗಿ ಕಾಲು ಭಾಗ ಇದ್ದು ಎರಡೂ ಒಂದೇ ಪ್ರಮಾಣದಲ್ಲಿ ಕಡಿಮೆ ಬಂದರೆ ಲೋಹದ ಅಂಕಿಗಳನ್ನು, ದಪ್ಪವನ್ನು ಮತ್ತೆ ನೋಡಿ. ಉದ್ದವನ್ನೂ ಹಿಡಿಕೆಯ ಅಂಚಿನಿಂದಲೇ ಅಳೆಯಿರಿ. ಉದ್ದದಲ್ಲಿ 5% ತಪ್ಪಾದರೆ ತುದಿಯ ಲೆಕ್ಕದಲ್ಲಿ 10% ತಪ್ಪಾಗುತ್ತದೆ. ತಣ್ಣಗಾದ ಮೇಲೆ ಪಟ್ಟಿ ಸೊನ್ನೆಗೆ ಬರದಿದ್ದರೆ ಲೋಹ ಸೋತಿದೆ, ಇಲ್ಲವೇ ಅಂಟು ಜಾರಿದೆ.

ಅಂಟು ಬಿಡುವುದು ಮೊದಲು ತುದಿಗಳಲ್ಲಿ. ಪಟ್ಟಿಯ ನಡುಭಾಗದಲ್ಲಿ ಅಂಟಿನ ಮೇಲೆ ಜಾರಿಸುವ ಬಲ ಇರುವುದಿಲ್ಲ, ಏಕೆಂದರೆ `P` ಅಲ್ಲಿ ಎಲ್ಲ ಕಡೆ ಒಂದೇ. ಆದರೆ ಕೊನೆಯ ಅಂಚಿನಲ್ಲಿ `P` ಸೊನ್ನೆ ಆಗಲೇಬೇಕು. ಆ 8 ನ್ಯೂಟನ್ ಪೂರ್ತಿ, ಪಟ್ಟಿಯ ದಪ್ಪದಷ್ಟೇ ಇರುವ ಕೊನೆಯ ಒಂದೆರಡು ಮಿಲಿಮೀಟರಿನಲ್ಲಿ ಅಂಟಿನ ಮೂಲಕ ದಾಟುತ್ತದೆ. ಪದರ ಎದ್ದಿದೆಯೇ ಎಂದು ಭೂತಗನ್ನಡಿಯಲ್ಲಿ ನೋಡುವಾಗ ಅಂಚಿನಿಂದ ಶುರು ಮಾಡಿ.

ಪಟ್ಟಿಯನ್ನು ನೀವೇ ಬೆಸುಗೆ ಹಾಕಿ ಮಾಡಿದ್ದರೆ ಇನ್ನೊಂದು ವಿಷಯ. ತವರ-ಸೀಸದ ಸಾಮಾನ್ಯ ಬೆಸುಗೆ 183 ಡಿಗ್ರಿಯಲ್ಲಿ ಗಟ್ಟಿಯಾಗುತ್ತದೆ. ಅಂದರೆ ಪಟ್ಟಿ ಸ್ಟ್ರೆಸ್ ಇಲ್ಲದೆ ನೇರ ಇದ್ದದ್ದು ಆ ತಾಪದಲ್ಲಿ, 25 ಡಿಗ್ರಿಯಲ್ಲಿ ಅಲ್ಲ. ತಣ್ಣಗಾಗುತ್ತಾ 158 ಡಿಗ್ರಿ ಇಳಿದಾಗ ಅದು ಉಲ್ಟಾ ಬಾಗುತ್ತದೆ, ಹಿತ್ತಾಳೆ ಒಳಬದಿಗೆ. ಲೆಕ್ಕದ ಪ್ರಕಾರ ಹಿತ್ತಾಳೆಯ ಅಂಟಿನ ಮೈಯಲ್ಲಿ ಸುಮಾರು 148 ಮೆಗಾಪಾಸ್ಕಲ್ ಎಳೆತ ಬರುತ್ತದೆ. ಮೆತ್ತಗಿನ ಹಿತ್ತಾಳೆ ಅಷ್ಟರಲ್ಲೇ ಸೋತಿರುತ್ತದೆ. ಇಂಥ ಪಟ್ಟಿಯನ್ನು ಕೈಯಿಂದ ನೆಟ್ಟಗೆ ಮಾಡಿ, 25 ಡಿಗ್ರಿಯಲ್ಲಿ ಸ್ಟ್ರೆಸ್ ಸೊನ್ನೆ ಎಂದು ಲೆಕ್ಕ ಶುರು ಮಾಡಿದರೆ ವಕ್ರತೆಯ ಬದಲಾವಣೆ ಹೆಚ್ಚುಕಡಿಮೆ ಸರಿ ಬರುತ್ತದೆ, ಆದರೆ ಸ್ಟ್ರೆಸ್ ಪೂರ್ತಿ ತಪ್ಪಾಗುತ್ತದೆ. ಕೆಲಸಕ್ಕೆ ಹಾಕುವ ಮೊದಲು ಪಟ್ಟಿಯನ್ನು ಅದರ ಗರಿಷ್ಠ ಬಳಕೆಯ ತಾಪಕ್ಕಿಂತ ಸ್ವಲ್ಪ ಮೇಲಕ್ಕೆ ಕಾಯಿಸಿ ನಿಧಾನವಾಗಿ ತಣಿಸುವುದನ್ನು ಕೆಲವು ಸಲ ಮಾಡಿ. ಸೋಲುವ ಭಾಗ ಮೊದಲೇ ಸೋತು, ಆಮೇಲೆ ಪಟ್ಟಿ ಒಂದೇ ಜಾಗಕ್ಕೆ ಮರಳಲು ಶುರುವಾಗುತ್ತದೆ. ಬೆಸುಗೆಯ ಪಟ್ಟಿಗೆ ಆ ತಾಪ 183ಕ್ಕಿಂತ ಸಾಕಷ್ಟು ಕೆಳಗಿರಬೇಕು.

ಲೆಕ್ಕಕ್ಕೆ ಎರಡು ಗಡಿಗಳಿವೆ. ಸುಮಾರು 200 ಡಿಗ್ರಿ ದಾಟಿದ ಮೇಲೆ ಇನ್ವಾರ್ ಬೇರೆ ಲೋಹಗಳಂತೆ ಹಿಗ್ಗತೊಡಗುತ್ತದೆ, ಆಗ `e` ನಾವು ಹಾಕಿದ ವೇಗದಲ್ಲಿ ಬೆಳೆಯುವುದಿಲ್ಲ, ಪಟ್ಟಿ ಮಂದವಾಗುತ್ತದೆ. ಇನ್ನೊಂದು ಅಗಲದ್ದು. ಕಿರಿದಾದ ಪಟ್ಟಿಗೆ ಮಾತ್ರ ಮೇಲಿನ ಸ್ಟ್ರೆಸ್ ಅಂಕಿಗಳು ಸರಿ. ಅಗಲ ಮತ್ತು ಉದ್ದ ಎರಡೂ ದೊಡ್ಡದಾದ ತಗಡು ಎರಡೂ ದಿಕ್ಕಿನಲ್ಲಿ ಬಾಗಿ ಬಟ್ಟಲಿನ ಆಕಾರ ತಾಳುತ್ತದೆ. ಅಲ್ಲಿ `E` ಇದ್ದ ಕಡೆಯೆಲ್ಲ `E/(1-v)` ಹಾಕಿ, `v` ಅಂದರೆ ಪಾಯ್ಸನ್ ಅನುಪಾತ, ಈ ಲೋಹಗಳಿಗೆ ಸುಮಾರು 0.3. ಎರಡೂ ಲೋಹಕ್ಕೆ ಅದು ಹತ್ತಿರ ಹತ್ತಿರ ಇರುವುದರಿಂದ ವಕ್ರತೆ ಹೆಚ್ಚು ಬದಲಾಗುವುದಿಲ್ಲ, ಆದರೆ ಸ್ಟ್ರೆಸ್ ಸುಮಾರು 1.4 ಪಟ್ಟು ಆಗುತ್ತದೆ. ನಮ್ಮ ಜೋಡಿಯಲ್ಲಿ ಇನ್ವಾರ್‌ನ ಅಂಟಿನ ಮೈಯ 72 ಆಗ ನೂರರ ಮೇಲೆ ಹೋಗುತ್ತದೆ.